ಮೂರು ಗಂಟೆಯ ಸಿಡಿಲು ಎಚ್ಚರಿಕೆಯನ್ನು ಕನ್ನಡದಲ್ಲಿ ಬರೆಯುವುದು ಹೇಗೆ?

ಪ್ರಶ್ನೆ: ನಾನು ಕಲಬುರಗಿ ಭಾಗದ ಒಂದು ತುರ್ತು ನಿಯಂತ್ರಣ ಕೊಠಡಿಯಲ್ಲಿ ಕೆಲಸ ಮಾಡುತ್ತೇನೆ. ಹವಾಮಾನ ಇಲಾಖೆಯಿಂದ ಇಂಗ್ಲಿಷ್‌ನಲ್ಲಿ ಬರುವ ಮೂರು ಗಂಟೆಯ ಗುಡುಗು-ಸಿಡಿಲಿನ ಎಚ್ಚರಿಕೆಯನ್ನು ಕನ್ನಡಕ್ಕೆ ಮಾಡಿ ಎಸ್ಸೆಮ್ಮೆಸ್ ಕಳಿಸುವ ಕೆಲಸ ನನ್ನ ಪಾಲಿಗೆ ಬಂದಿದೆ. ಏನನ್ನೂ ಬಿಡದೆ ಶುದ್ಧವಾಗಿ ಅನುವಾದಿಸಿದರೂ ಜನ ಅದನ್ನು ಮಳೆಯ ಸುದ್ದಿ ಎಂದೇ ಓದಿಕೊಳ್ಳುತ್ತಾರೆ. ಚಿಕ್ಕದಾಗಿ ಬರೆದರೆ ಮೇಲಿನವರು ‘ಇದು ಒರಟಾಯಿತು’ ಎನ್ನುತ್ತಾರೆ. ಹೇಗೆ ಬರೆಯಬೇಕು?

ಉತ್ತರ: ನಿಮಗೆ ಬರುವ ಇಂಗ್ಲಿಷ್ ಪಠ್ಯದ ಅಚ್ಚು ನನಗೆ ಪರಿಚಿತ. ಅದನ್ನು ಒಂದು ಮಾತೂ ಬಿಡದೆ ಕನ್ನಡಕ್ಕೆ ತಂದರೆ ಹೆಚ್ಚುಕಡಿಮೆ ಹೀಗಾಗುತ್ತದೆ:

“ಮುಂದಿನ ಮೂರು ಗಂಟೆಗಳಲ್ಲಿ ಕಲಬುರಗಿ ಜಿಲ್ಲೆಯ ಪ್ರತ್ಯೇಕ ಸ್ಥಳಗಳಲ್ಲಿ ಗಂಟೆಗೆ 40ರಿಂದ 50 ಕಿ.ಮೀ. ವೇಗದ ಗಾಳಿ ಹಾಗೂ ಮಿಂಚಿನೊಂದಿಗೆ ಗುಡುಗು ಸಹಿತ ಹಗುರದಿಂದ ಸಾಧಾರಣ ಮಳೆಯಾಗುವ ಸಾಧ್ಯತೆಯಿದ್ದು, ಸಾರ್ವಜನಿಕರು ಸುರಕ್ಷಿತ ಸ್ಥಳಗಳಲ್ಲಿ ಆಶ್ರಯ ಪಡೆದು ಅಗತ್ಯ ಮುನ್ನೆಚ್ಚರಿಕೆ ವಹಿಸುವಂತೆ ಈ ಮೂಲಕ ಕೋರಲಾಗಿದೆ.”

ವ್ಯಾಕರಣದ ದೃಷ್ಟಿಯಿಂದ ಇದರಲ್ಲಿ ದೋಷವಿಲ್ಲ, ಮೂಲದ ಯಾವ ಅಂಶವೂ ಬಿಟ್ಟುಹೋಗಿಲ್ಲ. ಆದರೆ ಈ ವಾಕ್ಯದ ಯಜಮಾನ ಪದ ಯಾವುದೆಂದು ನೋಡಿ. ಗಾಳಿ, ಮಿಂಚು, ಗುಡುಗು ಮೂರೂ ‘ಮಳೆ’ಯ ವಿಶೇಷಣಗಳಾಗಿ ಅದರ ಹಿಂದೆ ಸಾಲುಗಟ್ಟಿವೆ. ಆ ಮಳೆಯೋ ‘ಹಗುರದಿಂದ ಸಾಧಾರಣ’. ಏಪ್ರಿಲ್-ಮೇ ತಿಂಗಳಲ್ಲಿ ಹೊಲ ಹದ ಮಾಡಿಕೊಂಡು ಆಕಾಶ ನೋಡುತ್ತಿರುವ ರೈತನಿಗೆ ಸಾಧಾರಣ ಮಳೆ ಎಂದರೆ ಶುಭವಾರ್ತೆ. ಅವನು ಹೊಲದಲ್ಲೇ ನಿಂತು ಅದನ್ನು ಎದುರುನೋಡುತ್ತಾನೆ. ಜನ ನಿಮ್ಮ ಸಂದೇಶವನ್ನು ತಪ್ಪಾಗಿ ಓದುತ್ತಿಲ್ಲ. ಸಂದೇಶವೇ ಮಳೆಯ ಸುದ್ದಿಯಾಗಿ ಹೋಗಿದೆ.

ಇಂಗ್ಲಿಷ್‌ನಲ್ಲಿ ಆಕಾಶದ ಹೊಳಪಿಗೂ ನೆಲಕ್ಕೆ ಬೀಳುವ ಹೊಡೆತಕ್ಕೂ ಒಂದೇ ಹೆಸರು. ಕನ್ನಡದಲ್ಲಿ ಕಣ್ಣಿಗೆ ಕಾಣುವುದು ಮಿಂಚು, ಕಿವಿಗೆ ಕೇಳುವುದು ಗುಡುಗು, ಬಿದ್ದು ಕೊಲ್ಲುವುದು ಸಿಡಿಲು. ನಿಘಂಟು ನೋಡಿ ‘ಮಿಂಚು’ ಎಂದು ಹಾಕಿದರೆ ಅಪಾಯವೇ ಸಂದೇಶದಿಂದ ಹೊರಗುಳಿಯುತ್ತದೆ. ಮಿಂಚಿಗೆ ಯಾರೂ ಓಡುವುದಿಲ್ಲ. ‘ಗುಡುಗು ಸಹಿತ ಮಳೆ’ ಎಂಬ ಜೋಡಿ ನಮ್ಮ ಪತ್ರಿಕೆಗಳಲ್ಲಿಯೂ ಆಕಾಶವಾಣಿಯಲ್ಲಿಯೂ ಎಷ್ಟು ಬಳಕೆಯಾಗಿದೆಯೆಂದರೆ, ಬರೆಯುವ ಕೈ ತಾನಾಗಿ ಅದರತ್ತ ಹೋಗುತ್ತದೆ. ಮುನ್ಸೂಚನೆಗೆ ಅದು ಸರಿಯಾದ ಮಾತು. ಎಚ್ಚರಿಕೆಗೆ ಅಲ್ಲ. ಸಿಡಿಲು ಮಳೆಯ ಜೊತೆಗೇ ಬರಬೇಕೆಂಬ ನಿಯಮವಿಲ್ಲ. ಮಳೆ ಬೀಳುತ್ತಿರುವ ಜಾಗದಿಂದ ಸುಮಾರು 10 ಕಿಲೋಮೀಟರ್ ದೂರದಲ್ಲಿ, ಒಣ ನೆಲದ ಮೇಲೂ ಅದು ಬೀಳಬಲ್ಲದು. ಮಳೆಯನ್ನೇ ಗುರುತಾಗಿಟ್ಟುಕೊಂಡವನು, ಮೊದಲ ಹನಿ ಬಿದ್ದ ಮೇಲೆ ಹೊರಟರಾಯಿತು ಎಂದು ಲೆಕ್ಕ ಹಾಕುತ್ತಾನೆ. ಆ ಲೆಕ್ಕವನ್ನು ಮುರಿಯುವುದೇ ಅನುವಾದದ ಮುಖ್ಯ ಕೆಲಸ.

ಇನ್ನು ಎಸ್ಸೆಮ್ಮೆಸ್‌ನ ಅಳತೆ. ಇಂಗ್ಲಿಷ್‌ನಲ್ಲಿ ಒಂದು ಸಂದೇಶಕ್ಕೆ 160 ಅಕ್ಷರ ಹಿಡಿಯುತ್ತದೆ. ಕನ್ನಡವನ್ನು ಯೂನಿಕೋಡ್‌ನಲ್ಲಿ ಕಳಿಸಿದಾಗ 70 ಸಂಕೇತ ಮಾತ್ರ. ಅದಕ್ಕಿಂತ ಉದ್ದವಾದರೆ ಸಂದೇಶ ತುಂಡಾಗುತ್ತದೆ, ತುಂಡುಗಳನ್ನು ಜೋಡಿಸುವ ಮಾಹಿತಿಗೆ ಜಾಗ ಬೇಕಾಗುವುದರಿಂದ ಪ್ರತಿ ತುಂಡಿಗೆ 67 ಉಳಿಯುತ್ತದೆ. ಇಲ್ಲಿ ಸಂಕೇತ ಎಂದರೆ ನಾವು ಕಣ್ಣಿನಿಂದ ಎಣಿಸುವ ಅಕ್ಷರವಲ್ಲ. ‘ಸಿ’ ಎರಡು ಸಂಕೇತ, ‘ಕ್ಷ’ ಮೂರು. ಗುಣಿತವೂ ಅರ್ಧಾಕ್ಷರದ ಚಿಹ್ನೆಯೂ ಖಾಲಿ ಜಾಗವೂ ಎಣಿಕೆಗೆ ಬರುತ್ತವೆ. ಮೇಲಿನ ಅನುವಾದ ಈ ಲೆಕ್ಕದಲ್ಲಿ 254 ಸಂಕೇತ, ಅಂದರೆ ನಾಲ್ಕು ತುಂಡು. ಮೊದಲ ತುಂಡು ಎಲ್ಲಿ ಮುಗಿಯುತ್ತದೆ ಗೊತ್ತೆ? “ಮುಂದಿನ ಮೂರು ಗಂಟೆಗಳಲ್ಲಿ ಕಲಬುರಗಿ ಜಿಲ್ಲೆಯ ಪ್ರತ್ಯೇಕ ಸ್ಥಳಗಳಲ್ಲಿ ಗಂಟೆಗೆ 4” ಎಂಬಲ್ಲಿ, 40ರ ನಡುವೆಯೇ. ಅಪಾಯದ ಹೆಸರೇ ಇನ್ನೂ ಬಂದಿಲ್ಲ. ಹೊಸ ಫೋನುಗಳು ತುಂಡುಗಳನ್ನು ಜೋಡಿಸಿ ತೋರಿಸುತ್ತವೆ, ನಿಜ. ಆದರೆ ಪರದೆಯ ಮೇಲ್ತುದಿಯಲ್ಲಿ ಕ್ಷಣಕಾಲ ಇಣುಕುವುದು ಆರಂಭದ ಭಾಗ ಮಾತ್ರ. ಕನ್ನಡದ ಕ್ರಿಯಾಪದ ವಾಕ್ಯದ ಕೊನೆಗೆ ಬರುವುದರಿಂದ, ಉದ್ದವಾದ ಒಂದೇ ವಾಕ್ಯದಲ್ಲಿ ಏನು ಮಾಡಬೇಕೆಂಬುದು ಯಾವಾಗಲೂ ಎಲ್ಲಕ್ಕಿಂತ ಕೊನೆಯಲ್ಲಿ ಸಿಕ್ಕುತ್ತದೆ. ಸಣ್ಣ ವಾಕ್ಯಗಳನ್ನು ಬರೆಯಿರಿ ಎನ್ನುವುದು ಶೈಲಿಯ ಸಲಹೆಯಲ್ಲ. ವಾಕ್ಯ ಬೇಗ ಮುಗಿದಷ್ಟೂ ಕ್ರಿಯಾಪದ ಬೇಗ ಬರುತ್ತದೆ ಎಂಬುದಷ್ಟೇ ಕಾರಣ.

ನಾನು ಸೂಚಿಸುವ ಸಂದೇಶ ಇದು:

“ಸಿಡಿಲು ಎಚ್ಚರಿಕೆ: ಕಲಬುರಗಿ ಜಿಲ್ಲೆ. ಈಗಲೇ ಹತ್ತಿರದ ಮನೆಯೊಳಗೆ ಹೋಗಿ. ಮಳೆಗೆ ಕಾಯಬೇಡಿ. ಮರದ ಕೆಳಗೆ ನಿಲ್ಲಬೇಡಿ. ಇಂದು ಸಂಜೆ 6:30ರವರೆಗೆ ಅಪಾಯವಿದೆ.”

ಒಟ್ಟು 127 ಸಂಕೇತ, ಎರಡು ತುಂಡು. ಅಪಾಯ, ಸ್ಥಳ, ಮಾಡಬೇಕಾದ ಕೆಲಸ ಈ ಮೂರೂ ಮೊದಲ 60ರೊಳಗೆ ಮುಗಿದಿವೆ. ಎರಡನೆಯ ತುಂಡು ತಡವಾದರೂ ಮೊದಲನೆಯದು ತನ್ನಷ್ಟಕ್ಕೆ ಪೂರ್ಣ. ‘ಮಳೆಗೆ ಕಾಯಬೇಡಿ’ ಎಂಬುದು ಕೊಂಚ ಮೊಟಕು ಎಂದು ನನಗೂ ಅನಿಸುತ್ತದೆ. ‘ಮಳೆ ಬರಲಿ ಎಂದು ಕಾಯಬೇಡಿ’ ಎಂದರೆ ಇನ್ನೂ ತಿಳಿಯಾಗಿರುತ್ತದೆ. ಆದರೆ ಹಾಗೆ ಬರೆದರೆ ಒಟ್ಟು 135 ಆಗುತ್ತದೆ, ಎರಡು ತುಂಡಿನ ಮಿತಿ 134. ಒಂದೇ ಒಂದು ಸಂಕೇತಕ್ಕಾಗಿ ಮೂರನೆಯ ತುಂಡು ಕಳಿಸಬೇಕಾಗುತ್ತದೆ. ಜಾಗ ಉಳಿಸಲು ‘ಇಂದು’ ಎಂಬುದನ್ನು ತೆಗೆಯಬಹುದಲ್ಲ ಎಂದರೆ, ಫೋನ್ ಆಫ್ ಆಗಿದ್ದವನಿಗೆ ಸಂದೇಶ ಮರುದಿನ ತಲುಪಿದಾಗ ಆ ಪದವೂ ಪೂರ್ತಿ ಸಾಲದು, ಇಲ್ಲದಿದ್ದರಂತೂ ಇನ್ನೂ ಕಷ್ಟ. ಆದ್ದರಿಂದ ಮೊಟಕಾದ ರೂಪವನ್ನೇ ಉಳಿಸಿಕೊಂಡಿದ್ದೇನೆ. ಅದು ‘ಮನೆಯೊಳಗೆ ಹೋಗಿ’ ಎಂಬುದರ ಬೆನ್ನಿಗೇ ಬರುವುದರಿಂದ ಬಿತ್ತನೆಯ ಸಲಹೆ ಎಂದು ಯಾರೂ ಓದಲಾರರು. ಅದನ್ನು ಬೇರೆಡೆಗೆ ಸರಿಸಿದರೆ ಈ ಭರವಸೆ ನನಗಿಲ್ಲ.

‘ಹತ್ತಿರದ’ ಎಂಬುದು ಎಂಟು ಸಂಕೇತ ತಿಂದರೂ ಅನಗತ್ಯವಲ್ಲ. ಬರೀ ‘ಮನೆಯೊಳಗೆ ಹೋಗಿ’ ಎಂದರೆ ದನ ಮೇಯಿಸುವವನು ಅರ್ಧ ಗಂಟೆಯ ದಾರಿಯ ತನ್ನ ಮನೆಗೆ ಬಯಲಲ್ಲಿ ನಡೆದು ಹೊರಡುತ್ತಾನೆ. ‘ಸುರಕ್ಷಿತ ಸ್ಥಳ’ ಎಂಬುದಂತೂ ಸಿಡಿಲಿನ ವಿಷಯದಲ್ಲಿ ನಿಜಕ್ಕೂ ಅಪಾಯಕಾರಿ ಪದ. ಹೊಲದಲ್ಲಿರುವವನ ಕಣ್ಣಿಗೆ ಸುರಕ್ಷಿತವಾಗಿ ಕಾಣುವುದು ದೊಡ್ಡ ಬೇವಿನ ಮರ ಅಥವಾ ಹುಣಸೆ ಮರ. ಅಮೂರ್ತ ಪದ ಕೊಟ್ಟಾಗ ಓದುಗ ಅದಕ್ಕೆ ತನಗೆ ತೋಚಿದ ಅರ್ಥ ತುಂಬಿಕೊಳ್ಳುತ್ತಾನೆ, ಇಲ್ಲಿ ತೋಚುವ ಅರ್ಥವೇ ಕೊಲ್ಲುವ ಅರ್ಥ.

ನಾನು ಬಿಟ್ಟಿರುವ ಅಂಶಗಳ ಬಗ್ಗೆ ನಿಮ್ಮ ಮೇಲಿನವರು ಕೇಳಿಯೇ ಕೇಳುತ್ತಾರೆ. ಮೊದಲನೆಯದು ‘ಪ್ರತ್ಯೇಕ ಸ್ಥಳಗಳಲ್ಲಿ’. ಹವಾಮಾನ ಇಲಾಖೆಯ ಪರಿಭಾಷೆಯಲ್ಲಿ ಇದು ವ್ಯಾಪ್ತಿಯ ಅಳತೆ: ಆ ಪ್ರದೇಶದ ಕೇಂದ್ರಗಳಲ್ಲಿ ಕಾಲುಭಾಗ ಅಥವಾ ಅದಕ್ಕಿಂತ ಕಡಿಮೆ ಕಡೆ ಎಂದರ್ಥ. ಕನ್ನಡದ ಹವಾಮಾನ ವರದಿಗಳಲ್ಲಿ ಇದಕ್ಕೆ ‘ಒಂದೆರಡು ಕಡೆ’ ಎಂದೂ, ಹೆಚ್ಚುತ್ತಾ ಹೋದಂತೆ ‘ಕೆಲವು ಕಡೆ’, ‘ಹಲವು ಕಡೆ’, ‘ಬಹುತೇಕ ಕಡೆ’ ಎಂದೂ ಬಳಕೆಯಿದೆ. ‘ಪ್ರತ್ಯೇಕ’ ಎಂಬುದು ಇಂಗ್ಲಿಷ್ ಪದಕ್ಕೆ ಅಂಟಿಸಿದ ಚೀಟಿ, ಅದರಿಂದ ಯಾರಿಗೂ ಏನೂ ತಿಳಿಯುವುದಿಲ್ಲ. ವಿಸ್ತೃತ ಪ್ರಕಟಣೆಯಲ್ಲಿ ‘ಒಂದೆರಡು ಕಡೆ’ ಎಂದು ಬರೆಯಿರಿ. ಎಸ್ಸೆಮ್ಮೆಸ್‌ನಲ್ಲಿ ಅದೂ ಬೇಡ. ಒಂದೆರಡು ಕಡೆ ಎಂದು ಓದಿದ ಪ್ರತಿಯೊಬ್ಬನೂ ಅದು ತನ್ನ ಊರಲ್ಲ ಎಂದುಕೊಳ್ಳುತ್ತಾನೆ.

ಹಾಗೆಂದು ಅನಿಶ್ಚಿತತೆಯನ್ನು ಮರೆಮಾಚುವುದು ತಪ್ಪು. ‘ಸಿಡಿಲು ಬೀಳಲಿದೆ’ ಎಂದು ಬರೆದರೆ ಅದು ಸುಳ್ಳು, ಬೀಳದಿದ್ದ ಹಳ್ಳಿಗಳಲ್ಲಿ ನಿಮ್ಮ ಮುಂದಿನ ಸಂದೇಶಕ್ಕೆ ಬೆಲೆಯಿರುವುದಿಲ್ಲ. ‘ಅಪಾಯವಿದೆ’ ಎಂಬುದು ಈ ಎರಡರ ನಡುವಿನ ಪ್ರಾಮಾಣಿಕ ಮಾತು. ಸಿಡಿಲು ಬಿದ್ದರೂ ಬೀಳದಿದ್ದರೂ ಅದು ನಿಜವಾಗಿ ಉಳಿಯುತ್ತದೆ. ಗಾಳಿಯ ವೇಗ, ಮಳೆಯ ಪ್ರಮಾಣ ಎರಡನ್ನೂ ಬಿಟ್ಟಿದ್ದೇನೆ, ಏಕೆಂದರೆ ಈ ಸಂದರ್ಭದಲ್ಲಿ ಅವುಗಳಿಂದ ಯಾರ ನಡೆಯೂ ಬದಲಾಗುವುದಿಲ್ಲ. ಗಾಳಿಯೇ ಮುಖ್ಯ ಅಪಾಯವಾದ ದಿನ ಅದಕ್ಕೆ ಬೇರೆ ಸಂದೇಶ ಬೇಕು, ಇದರ ಬಾಲವಾಗಿ ಅಲ್ಲ.

ಸಮಯದ ಬಗ್ಗೆ ಒಂದಿಷ್ಟು ವಿವರವಾಗಿ ಹೇಳಬೇಕು. ‘ಮುಂದಿನ ಮೂರು ಗಂಟೆ’ ಎಂಬುದು ಹೊರಡಿಸುವವನ ಗಡಿಯಾರ. ಮಧ್ಯಾಹ್ನ 3:30ಕ್ಕೆ ಹೊರಟ ಎಚ್ಚರಿಕೆ ನಿಮ್ಮ ಕೈಗೆ ಬಂದು, ಅನುಮೋದನೆಯಾಗಿ, ಜನರ ಫೋನಿಗೆ ತಲುಪುವ ಹೊತ್ತಿಗೆ 4:15 ಆಗಿರಬಹುದು. ಅದನ್ನು ಯಾರೋ ವಾಟ್ಸ್ಯಾಪ್ ಗುಂಪಿಗೆ ಹಾಕಿದಾಗ ಏಳು ಗಂಟೆ. ಓದಿದವನು ಪ್ರತಿ ಬಾರಿಯೂ ಅಲ್ಲಿಂದ ಮೂರು ಗಂಟೆ ಎಣಿಸುತ್ತಾನೆ. ಅದಕ್ಕಾಗಿ ಮುಗಿಯುವ ಗಳಿಗೆಯನ್ನೇ ಬರೆಯಬೇಕು. ಅದರಲ್ಲೂ ಒಂದು ಸೂಕ್ಷ್ಮವಿದೆ: ಪೂರ್ಣ ಗಂಟೆ ಬಂದಾಗ ‘7ರವರೆಗೆ’ ಎಂದು ಬರೆದರೆ ಅದು ತಾರೀಖಿನಂತೆ ಓದಿಸಿಕೊಳ್ಳುತ್ತದೆ, ‘7:00ರವರೆಗೆ’ ಎಂದರೆ ಆ ಗೊಂದಲವಿಲ್ಲ. ರಾತ್ರಿ ಹನ್ನೆರಡು ದಾಟುವ ಎಚ್ಚರಿಕೆಗಳು ಇನ್ನೂ ತೊಡಕಿನವು. ನಮ್ಮ ರೂಢಿಯಲ್ಲಿ ಬೆಳಕು ಹರಿಯುವವರೆಗೆ ಹಿಂದಿನ ದಿನದ ರಾತ್ರಿಯೇ ನಡೆಯುತ್ತಿರುತ್ತದೆ, ಹಾಗಾಗಿ ‘ಭಾನುವಾರ 1:30’ ಎಂಬುದನ್ನು ಬಹಳ ಜನ ಭಾನುವಾರ ಮಧ್ಯಾಹ್ನವೆಂದು ತಿಳಿಯುತ್ತಾರೆ. ‘ಶನಿವಾರ ರಾತ್ರಿ ಕಳೆದು ಬೆಳಗಿನ ಜಾವ 1:30ರವರೆಗೆ’ ಎಂದು ಬರೆಯಿರಿ, ಉದ್ದವಾದರೂ ಚಿಂತೆಯಿಲ್ಲ.

ಒರಟುತನದ ಆಕ್ಷೇಪಕ್ಕೆ ಬರುತ್ತೇನೆ. ‘ಕೋರಲಾಗಿದೆ’, ‘ಸೂಚಿಸಲಾಗಿದೆ’ ಎಂಬ ಕರ್ಮಣಿ ರೂಪಗಳು ಕಚೇರಿ ಸುತ್ತೋಲೆಯ ಮರ್ಯಾದೆ. ಅಲ್ಲಿ ಹೇಳುವವನೂ ಕಾಣುವುದಿಲ್ಲ, ಯಾರು ಮಾಡಬೇಕೆಂಬುದೂ ಕಾಣುವುದಿಲ್ಲ. ‘ಹೋಗತಕ್ಕದ್ದು’ ಎಂಬುದು ಕಾನೂನಿನ ಮಾತು. ‘ಹೋಗಿ’, ‘ನಿಲ್ಲಬೇಡಿ’ ಎಂಬುವು ಬಹುವಚನದ ವಿಧಿರೂಪಗಳು, ಅವುಗಳಲ್ಲಿ ಗೌರವ ಈಗಾಗಲೇ ಅಡಕವಾಗಿದೆ. ಒರಟಾಗುವುದು ‘ಹೋಗು’ ಎಂದಾಗ. ನೆರೆಯವರ ಮನೆಗೆ ಬೆಂಕಿ ಬಿದ್ದಾಗ ‘ಹೊರಗೆ ಬನ್ನಿ’ ಎಂದು ಕೂಗುವವನನ್ನು ಯಾರೂ ಅವಿನಯಿ ಎನ್ನುವುದಿಲ್ಲ ಎಂದು ನಿಮ್ಮ ಮೇಲಿನವರಿಗೆ ಹೇಳಿ ನೋಡಿ. ‘ದಯವಿಟ್ಟು’ ಸೇರಿಸಲೇಬೇಕೆಂದು ಹಟ ಹಿಡಿದರೆ ವಿಸ್ತೃತ ಪ್ರಕಟಣೆಯಲ್ಲಿ ಸೇರಿಸಿ.

ಇದೇ ಸಂದೇಶವನ್ನು ಧ್ವನಿವರ್ಧಕದಲ್ಲಿ ಸಾರಿಸುವಾಗ, ಆಟೋ ಮೇಲಿನ ಮೈಕಿನಲ್ಲಾಗಲಿ ಗುಡಿಯ ಮೈಕಿನಲ್ಲಾಗಲಿ, ಬರಹವನ್ನು ಹಾಗೆಯೇ ಓದಿಸಬೇಡಿ. ಕನ್ನಡದಲ್ಲಿ ನಿಷೇಧ ಪದದ ಬಾಲದಲ್ಲಿರುತ್ತದೆ. ‘ಮರದ ಕೆಳಗೆ ನಿಲ್ಲಬೇಡಿ’ ಎಂಬುದರಲ್ಲಿ ಗಾಳಿಯ ಸದ್ದಿಗೆ ಕೊನೆಯ ಎರಡಕ್ಷರ ಹಾರಿಹೋದರೆ ಕೇಳಿಸುವುದು ಮರ, ಕೆಳಗೆ, ನಿಲ್ಲು ಎಂಬ ಮಾತುಗಳೇ, ಅಂದರೆ ಹೇಳಬೇಕಾದುದರ ತದ್ವಿರುದ್ಧ. ಕಿವಿಗಾಗಿ ಬರೆಯುವಾಗ ನಿಷೇಧವನ್ನು ವಿಧಿಯಾಗಿ ತಿರುಗಿಸಿ: ‘ಮರ ಬಿಟ್ಟು ದೂರ ಬನ್ನಿ’. ಇದರಲ್ಲಿ ಯಾವ ತುಣುಕು ಕಳೆದರೂ ಅರ್ಥ ತಲೆಕೆಳಗಾಗುವುದಿಲ್ಲ. ‘ಮರದ ಕೆಳಗೆ ಆಶ್ರಯ ಪಡೆಯುವುದನ್ನು ತಪ್ಪಿಸಿ’ ಎಂಬ ಇಂಗ್ಲಿಷ್ ಮಾದರಿಯ ವಾಕ್ಯ ಮೈಕಿನಲ್ಲಿ ಎಲ್ಲಕ್ಕಿಂತ ಕೆಟ್ಟದು, ಏಕೆಂದರೆ ಕೊನೆಯ ಒಂದೇ ಪದ ಕಳೆದರೆ ಅದು ಮರದ ಕೆಳಗೆ ಕರೆಯುವ ಮಾತಾಗುತ್ತದೆ. ಧ್ವನಿಯಲ್ಲಿ ಸ್ಥಳೀಯ ಮಾತನ್ನೂ ಧಾರಾಳವಾಗಿ ಬಳಸಿ. ಬರಹದಲ್ಲಿ ‘ಹೋಗಿ’ ಇರಲಿ, ಬಾಯಲ್ಲಿ ‘ಮನಿ ಒಳಗ ಹೋಗ್ರಿ, ಗಿಡದ ಬುಡಕ್ಕ ನಿಂತವರು ದೂರ ಬರ್ರಿ’ ಎಂದರೆ ನಿಮ್ಮ ಭಾಗದವರು ಅದನ್ನು ತಮ್ಮ ಊರವರ ಮಾತೆಂದು ಕೇಳುತ್ತಾರೆ. ಅಲ್ಲಿ ಮರಕ್ಕೂ ‘ಗಿಡ’ ಎನ್ನುವ ರೂಢಿ ಇದೆಯಲ್ಲ, ಅದನ್ನು ಬರಹದ ಕನ್ನಡಕ್ಕೆ ತಿದ್ದಲು ಹೋಗಬೇಡಿ.

ಈ ಎಲ್ಲ ನಿರ್ಧಾರಗಳನ್ನು ಎಚ್ಚರಿಕೆ ಬಂದ ಮೇಲೆ ಮಾಡಲು ಸಮಯವಿರುವುದಿಲ್ಲ. ಜಿಲ್ಲೆ ಮತ್ತು ಸಮಯ ಮಾತ್ರ ಖಾಲಿಯಿರುವ ಸಿದ್ಧ ಪಠ್ಯವನ್ನು ಮಳೆಗಾಲಕ್ಕೆ ಮುಂಚೆಯೇ ಬರೆದು ಸಂಬಂಧಪಟ್ಟ ಅಧಿಕಾರಿಯಿಂದ ಒಪ್ಪಿಗೆ ಪಡೆದಿಟ್ಟುಕೊಳ್ಳಿ. ಮರ, ಮನೆ, ಮಳೆಯ ಕುರಿತ ಸೂಚನೆಗಳು ಮೂಲ ಇಂಗ್ಲಿಷ್ ಪಠ್ಯದಲ್ಲಿ ಆ ರೂಪದಲ್ಲಿ ಇರುವುದಿಲ್ಲವಾದ್ದರಿಂದ, ಅವುಗಳನ್ನು ಅನುವಾದಕರು ಆ ಗಳಿಗೆಯಲ್ಲಿ ಸ್ವಂತವಾಗಿ ಸೇರಿಸಕೂಡದು. ಸಿದ್ಧ ಪಠ್ಯಕ್ಕೆ ಕನ್ನಡದಲ್ಲಿ ಒಂದು ವಿಶೇಷ ತೊಂದರೆಯಿದೆ: ಊರಿನ ಹೆಸರಿಗೆ ವಿಭಕ್ತಿ ಹತ್ತುವಾಗ ಹೆಸರೇ ಬದಲಾಗುತ್ತದೆ. ಕಲಬುರಗಿಯಲ್ಲಿ, ರಾಯಚೂರಿನಲ್ಲಿ, ಬೀದರ್‌ನಲ್ಲಿ ಎಂದು ಮೂರು ಬಗೆ ಆಯಿತು. ಖಾಲಿ ಜಾಗದ ಮುಂದೆ ‘ಯಲ್ಲಿ’ ಎಂದು ಮೊದಲೇ ಅಚ್ಚು ಹಾಕಿಟ್ಟರೆ ‘ರಾಯಚೂರುಯಲ್ಲಿ’ ಎಂಬ ಸಂದೇಶ ಹೋಗುತ್ತದೆ, ಅದನ್ನು ಕಂಡವರು ಇದೊಂದು ನಕಲಿ ಸಂದೇಶವಿರಬೇಕು ಎಂದುಕೊಳ್ಳುತ್ತಾರೆ. ಮೇಲಿನ ಸಂದೇಶದಲ್ಲಿ ‘ಕಲಬುರಗಿ ಜಿಲ್ಲೆ’ ಎಂದು ವಿಭಕ್ತಿಯಿಲ್ಲದೆ ನಿಲ್ಲಿಸಿರುವುದು ಇದೇ ಕಾರಣಕ್ಕೆ.

ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರದ ‘ಸಚೇತ್’ ವ್ಯವಸ್ಥೆಯಂಥ ಕಡೆ ಪಠ್ಯವನ್ನು ತುಂಬುವಾಗ `headline`, `description`, `instruction` ಎಂದು ಬೇರೆ ಬೇರೆ ಅಂಕಣಗಳಿರುತ್ತವೆ. ಗಾಳಿಯ ವೇಗ, ‘ಒಂದೆರಡು ಕಡೆ’, ಮಳೆಯ ಪ್ರಮಾಣ ಇವೆಲ್ಲ ಎರಡನೆಯದಕ್ಕೆ ಸೇರಿದವು. ಹೀಗೆ ಮಾಡಿದರೆ ಏನನ್ನೂ ಬಿಟ್ಟಿಲ್ಲವೆಂದು ನಿಮ್ಮ ಮೇಲಿನವರಿಗೂ ತೋರಿಸಬಹುದು. ಬಣ್ಣದ ವಿಷಯದಲ್ಲಿ ನನ್ನ ಅಭಿಪ್ರಾಯ ಸರಳ: ‘ಆರೆಂಜ್ ಅಲರ್ಟ್’ ಎಂಬುದು ಜನರ ಬಾಯಲ್ಲಿ ಕೂತುಬಿಟ್ಟಿದೆ, ಅದನ್ನು ‘ಕಿತ್ತಳೆ’ ಮಾಡುವ ಶ್ರಮ ಬೇಡ, ಆದರೆ ಬಣ್ಣದ ಹೆಸರನ್ನೇ ಎಚ್ಚರಿಕೆಯೆಂದು ಭಾವಿಸಿ ಅಲ್ಲಿಗೆ ನಿಲ್ಲಿಸುವುದೂ ಬೇಡ.

ಬರೆದದ್ದು ಸರಿಯಿದೆಯೇ ಎಂದು ತಿಳಿಯಲು ಕಚೇರಿಯ ಹೊರಗಿನ ಒಬ್ಬರಿಗೆ, ಹವಾಮಾನದ ಸುದ್ದಿಯಲ್ಲಿ ವಿಶೇಷ ಆಸಕ್ತಿಯಿಲ್ಲದವರಿಗೆ, ಫೋನಿನಲ್ಲಿ ಒಂದೇ ಸಲ ಓದಿ ಹೇಳಿ. ಅರ್ಥವಾಯಿತೇ ಎಂದು ಕೇಳಬೇಡಿ, ಎಲ್ಲರೂ ಆಯಿತು ಎನ್ನುತ್ತಾರೆ. ‘ಈಗ ನೀವು ಹೊಲದಲ್ಲಿದ್ದರೆ ಏನು ಮಾಡುತ್ತೀರಿ, ಎಷ್ಟು ಹೊತ್ತಿನವರೆಗೆ?’ ಎಂದು ಕೇಳಿ. ‘ಮಳೆ ಬರುತ್ತದಂತೆ’ ಎಂಬ ಉತ್ತರ ಬಂದರೆ ಪಠ್ಯವನ್ನು ಮತ್ತೆ ಬರೆಯಬೇಕು. ಕಳಿಸುವ ಮುನ್ನ ಜಿಲ್ಲೆಯ ಹೆಸರು ಮತ್ತು ಮುಗಿಯುವ ಸಮಯ ಇವೆರಡನ್ನು ಮಾತ್ರ ಇನ್ನೊಬ್ಬರು ಮೂಲದೊಂದಿಗೆ ಹೋಲಿಸಿ ನೋಡಲಿ. ಅವಸರದಲ್ಲಿ ತಪ್ಪುವುದು ಈ ಎರಡೇ.

ಅವಧಿ ಮುಗಿಯುವ ಮೊದಲೇ ಹೊಸ ಎಚ್ಚರಿಕೆ ಬಂದರೆ ಹಳೆಯ ಪಠ್ಯವನ್ನೇ ಹೊಸ ಸಮಯದೊಂದಿಗೆ ಮರುಕಳಿಸಬೇಡಿ, ಜನ ಅದನ್ನು ಎರಡನೆಯ ಬಾರಿ ಬಂದ ಅದೇ ಸಂದೇಶವೆಂದು ಅಳಿಸಿಬಿಡುತ್ತಾರೆ. ಬದಲಾದುದನ್ನು ಮುಂದಿಡಿ: “ಸಿಡಿಲು ಎಚ್ಚರಿಕೆ ಮುಂದುವರಿದಿದೆ: ಕಲಬುರಗಿ ಜಿಲ್ಲೆ. ಇಂದು ರಾತ್ರಿ 9:30ರವರೆಗೆ ಒಳಗೇ ಇರಿ.” ವಿಸ್ತರಣೆಯಿಲ್ಲದೆ ಅವಧಿ ಮುಗಿದರೆ ‘ಅಪಾಯ ಮುಗಿದಿದೆ’ ಎಂಬ ಸಂದೇಶ ಕಳಿಸುವ ಆಸೆಯಾಗುತ್ತದೆ. ಹವಾಮಾನ ಕೇಂದ್ರ ಹಾಗೆ ಹೇಳದ ಹೊರತು ಕಳಿಸಬೇಡಿ, ಎಚ್ಚರಿಕೆಯ ಅವಧಿ ಮುಗಿಯುವುದೂ ಮೋಡ ಚದುರುವುದೂ ಒಂದೇ ಅಲ್ಲ. ಅದರ ಬದಲು ಸಿದ್ಧ ಪಠ್ಯಗಳಲ್ಲಿ ಇದೊಂದನ್ನು ಒಪ್ಪಿಗೆ ಪಡೆದು ಇಟ್ಟುಕೊಳ್ಳಿ: “ಕೊನೆಯ ಗುಡುಗು ಕೇಳಿ 30 ನಿಮಿಷ ಕಳೆದ ಮೇಲೆ ಹೊರಗೆ ಬನ್ನಿ.”